ಇತ್ತೋ, ಆಯಿತೋ? ಸ್ಪ್ಯಾನಿಷ್ ಕತೆಯ ಬಿಟ್ಟ ಸ್ಥಳ ತುಂಬುವ ಬಗೆ

ಸ್ಪ್ಯಾನಿಷ್ ಕಲಿಯುವವರ ಅಭ್ಯಾಸ ಪುಸ್ತಕಗಳಲ್ಲಿ ಒಂದು ಪುಟ್ಟ ಕತೆಯನ್ನು ಕೊಟ್ಟು, ಕ್ರಿಯಾಪದಗಳ ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಪ್ರೆತೆರಿತೊ ಬರಬೇಕೋ ಇಂಪೆರ್ಫೆಕ್ತೊ ಬರಬೇಕೋ ತೀರ್ಮಾನಿಸಿ ತುಂಬಲು ಹೇಳಿರುತ್ತಾರೆ. ಎರಡೂ ಭೂತಕಾಲವೇ. ಪ್ರೆತೆರಿತೊ ನಡೆದು ಮುಗಿದ ಘಟನೆಯನ್ನು ಹೇಳುತ್ತದೆ. ಇಂಪೆರ್ಫೆಕ್ತೊ ಆಗ ನಡೆಯುತ್ತಿದ್ದುದನ್ನು, ಇದ್ದುದನ್ನು, ರೂಢಿಯಾಗಿದ್ದುದನ್ನು ಹೇಳುತ್ತದೆ. ಈ ವ್ಯಾಖ್ಯೆ ಬಾಯಿಪಾಠವಾಗಿರುವವರೂ ಹತ್ತು ಖಾಲಿ ಜಾಗಗಳಲ್ಲಿ ನಾಲ್ಕನ್ನು ತಪ್ಪು ತುಂಬುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕತೆಯನ್ನು ಓದದೆ ನೇರವಾಗಿ ಮೊದಲ ಖಾಲಿ ಜಾಗಕ್ಕೆ ಕೈ ಹಾಕಿರುತ್ತಾರೆ.

ಆದ್ದರಿಂದ ಮೊದಲು ಪೆನ್ಸಿಲ್ ಕೆಳಗಿಟ್ಟು ಕತೆಯನ್ನು ಕೊನೆಯವರೆಗೆ ಓದಿ.

ಎರಡನೆಯ ಓದಿನಲ್ಲಿ ಕತೆಯನ್ನು ಮುಂದಕ್ಕೆ ತಳ್ಳುವ ಕ್ರಿಯೆಗಳನ್ನು ಮಾತ್ರ ಗುರುತಿಸಿ, ಅಲ್ಲೆಲ್ಲ ಪ್ರೆತೆರಿತೊ ತುಂಬಿ. ಉದಾಹರಣೆಗೆ ಈ ಕತೆಯನ್ನು ನೋಡೋಣ: ರಾತ್ರಿ ಒಂಬತ್ತು ಗಂಟೆಯಾಗಿತ್ತು, ಮಳೆ ಸುರಿಯುತ್ತಿತ್ತು. ಆನಾ ಊಟ ಮಾಡುತ್ತಿದ್ದಾಗ ಒಂದು ಸದ್ದು ಕೇಳಿದಳು. ಎದ್ದಳು, ಬಾಗಿಲು ತೆರೆದಳು, ಒಂದು ನಾಯಿಯನ್ನು ಕಂಡಳು. ನಾಯಿ ನಡುಗುತ್ತಿತ್ತು, ಅದಕ್ಕೆ ಹಸಿವಿತ್ತು. ಅದು ಯಾರದೆಂದು ಆನಾಗೆ ಗೊತ್ತಿರಲಿಲ್ಲ. ಕೊರಳಪಟ್ಟಿ ನೋಡಿದಳು, ಪಕ್ಕದ ಮನೆಯಾಕೆಯದೆಂದು ಗೊತ್ತಾಯಿತು. ಆ ರಾತ್ರಿ ಆರು ಗಂಟೆ ಕಾಲ ಮಳೆ ಸುರಿಯಿತು.

ಇದರಲ್ಲಿ ಒಯೋ, ಸೆ ಲೆವಂತೋ, ಅಬ್ರಿಯೋ, ವಿಯೋ, ಮಿರೋ, ಅಂದರೆ ಕೇಳಿದಳು, ಎದ್ದಳು, ತೆರೆದಳು, ಕಂಡಳು, ನೋಡಿದಳು ಎಂಬ ಐದನ್ನಷ್ಟೇ ಓದಿದರೂ ಕತೆ ನಡೆಯುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಇವೇ ಕತೆಯ ಬೆನ್ನೆಲುಬು. ಗಂಟೆ ಒಂಬತ್ತಾಗಿದ್ದುದು, ಅಂದರೆ ಎರಾನ್, ಮಳೆ ಸುರಿಯುತ್ತಿದ್ದುದು, ಅಂದರೆ ಯೊವೀಯಾ, ಊಟ ನಡೆಯುತ್ತಿದ್ದುದು, ಅಂದರೆ ಸೆನಾಬಾ, ಇವು ಯಾವುದೇ ಹೆಜ್ಜೆಯಲ್ಲ. ಹೆಜ್ಜೆ ಬಿದ್ದ ನೆಲ. ಕೊನೆಯಲ್ಲಿ ಅದೇ ಮಳೆ ಯೊವಿಯೋ ಆಗಿ ಮರಳಿ ಬಂದಿರುವುದನ್ನು ಗಮನಿಸಿ. ಆರಂಭದಲ್ಲಿ ನಾವು ಮಳೆಯ ಒಳಗೆ ನಿಂತಿದ್ದೆವು, ಅದರ ಆದಿ ಅಂತ್ಯ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಆರು ಗಂಟೆಯೆಂದು ಅಳೆದು ಅದನ್ನು ಮುಚ್ಚಿದೆವು. ಕ್ರಿಯಾಪದ ಬದಲಾಗಲಿಲ್ಲ, ನೋಟ ಬದಲಾಯಿತು.

ಇಲ್ಲಿಂದ ಮುಂದಿನ ಹಂತವೇ ಎಲ್ಲರೂ ಎಡವುವ ಜಾಗ. ಓಡಿದ, ತೆರೆದ ಎಂಬಂಥ ಕ್ರಿಯೆಗಳಲ್ಲಿ ಯಾರೂ ಅಷ್ಟು ತಪ್ಪುವುದಿಲ್ಲ. ತಿಳಿದಿರುವುದು, ಬೇಕಿರುವುದು, ಸಾಧ್ಯವಿರುವುದು ಎಂಬಂಥ ಸ್ಥಿತಿಯ ಕ್ರಿಯಾಪದಗಳಲ್ಲಿ ಕೈ ನಡುಗುತ್ತದೆ. ಬಹುಪಾಲು ಜನ ಇವನ್ನು ಇಂಗ್ಲಿಷಿನ ಮೂಲಕ ಬಿಡಿಸಲು ಹೋಗುತ್ತಾರೆ. ಇಂಗ್ಲಿಷಿನಲ್ಲಿ ‘ಗೊತ್ತಿತ್ತು’ ಮತ್ತು ‘ಗೊತ್ತಾಯಿತು’ ಎರಡಕ್ಕೂ ಒಂದೇ ರೂಪ ಸಾಕಾಗುವುದರಿಂದ ಅಲ್ಲಿ ಉತ್ತರ ಸಿಗುವುದಿಲ್ಲ. ಕನ್ನಡದಲ್ಲಿ ಈ ಭೇದ ಸ್ಪಷ್ಟವಾಗಿದೆ. ‘ಇತ್ತು’ ಎಂದು ಮುಗಿದರೆ ಇಂಪೆರ್ಫೆಕ್ತೊ, ‘ಆಯಿತು’ ಎಂದು ಮುಗಿದರೆ ಪ್ರೆತೆರಿತೊ. ಗೊತ್ತಿತ್ತು ಎಂದರೆ ಸಬೀಯಾ, ಗೊತ್ತಾಯಿತು ಎಂದರೆ ಸೂಪೊ. ಪರಿಚಯವಿತ್ತು ಎಂದರೆ ಕೊನೊಸೀಯಾ, ಪರಿಚಯವಾಯಿತು ಎಂದರೆ ಕೊನೊಸಿಯೋ. ನಮ್ಮ ಕತೆಯ ಆನಾಗೆ ನಾಯಿ ಯಾರದೆಂದು ಮೊದಲು ಗೊತ್ತಿರಲಿಲ್ಲ, ಆದ್ದರಿಂದ ನೊ ಸಬೀಯಾ. ಕೊರಳಪಟ್ಟಿ ನೋಡಿದ ಕ್ಷಣ ಗೊತ್ತಾಯಿತು, ಆದ್ದರಿಂದ ಸೂಪೊ.

ಇದಕ್ಕಿಂತ ಸೂಕ್ಷ್ಮವಾದದ್ದು ತೆನೆರ್ ಕೆ, ಅಂದರೆ ಮಾಡಬೇಕು, ಹೋಗಬೇಕು ಎಂಬಲ್ಲಿನ ‘ಬೇಕು’. ‘ಅವಳು ಹೊರಗೆ ಹೋಗಬೇಕಿತ್ತು’ ಎಂದಾಗ ಹೋದಳೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಅದು ತೆನೀಯಾ ಕೆ ಸಲೀರ್. ‘ಹೋಗಬೇಕಾಯಿತು’ ಎಂದಾಗ ಹೋಗಿಯೇ ಇದ್ದಾಳೆ. ಅದು ತೂವೊ ಕೆ ಸಲೀರ್. ನಿಷೇಧದಲ್ಲಿಯೂ ಇದೇ ಭೇದ ಉಳಿಯುತ್ತದೆ. ಬಾಗಿಲು ತೆರೆಯಲು ‘ಆಗುತ್ತಿರಲಿಲ್ಲ’ ಎಂಬುದು ನೊ ಪೊದೀಯಾ. ಪ್ರಯತ್ನಿಸಿ ಸೋತು ‘ಆಗಲಿಲ್ಲ’ ಎಂಬುದು ನೊ ಪೂದೊ. ಖಾಲಿ ಜಾಗದ ಮುಂದಿನ ವಾಕ್ಯವೇ ಇಲ್ಲಿ ಸುಳಿವು: ಫಲ ತಿಳಿದಿದ್ದರೆ ಪ್ರೆತೆರಿತೊ, ತಿಳಿಯದೆ ತೂಗಾಡುತ್ತಿದ್ದರೆ ಇಂಪೆರ್ಫೆಕ್ತೊ.

ಆದರೆ ಈ ಕನ್ನಡದ ಒರೆಗಲ್ಲು ಕೆಲವೆಡೆ ಕೈ ಕೊಡುತ್ತದೆ. ಅದನ್ನು ತಿಳಿಯದೆ ಬಳಸಬಾರದು. ‘ನಾಯಿ ಮೂರು ದಿನ ಆನಾಳ ಮನೆಯಲ್ಲಿ ಇತ್ತು’ ಎಂಬಲ್ಲಿ ನಾವು ‘ಇತ್ತು’ ಎನ್ನುತ್ತೇವೆ, ಆದರೆ ಮೂರು ದಿನ ಎಂಬ ಅಳತೆ ಆ ಇರುವಿಕೆಯನ್ನು ಮುಚ್ಚಿಬಿಟ್ಟಿದೆ; ಅಲ್ಲಿ ಎಸ್ತಾಬಾ ತಪ್ಪು, ಎಸ್ತೂವೊ ಸರಿ. ಅದೇ ‘ಮೂರು ದಿನಗಳಿಂದ ಇತ್ತು’ ಎಂದರೆ ಇನ್ನೂ ಮುಗಿದಿಲ್ಲ, ಆಗ ಎಸ್ತಾಬಾ. ಆ ಒಂದು ‘ಇಂದ’ ಇದೆಯೇ ಎಂದು ನೋಡಿಕೊಳ್ಳಿ. ಕತೆ ಮುಗಿದ ಮೇಲೆ ನಿರೂಪಕ ಹಿಂದಿರುಗಿ ನೋಡಿ ಕೊಡುವ ತೀರ್ಪೂ ಹೀಗೆಯೇ: ‘ಅದು ದೀರ್ಘ ರಾತ್ರಿಯಾಗಿತ್ತು’ ಎಂದು ನಾವು ಹೇಳುವ ಕಡೆ ಸ್ಪ್ಯಾನಿಷಿನಲ್ಲಿ ಫುಯೆ ಬರುತ್ತದೆ. ಮೂರನೆಯ ತೊಡಕು ‘ತೊಟ್ಟಿದ್ದಳು’ ಎಂಬ ರೂಪ. ತೊಟ್ಟದ್ದು ಮುಗಿದ ಕ್ರಿಯೆಯಂತೆ ಕಂಡರೂ ಕತೆಯಲ್ಲಿ ಅದು ಆಗ ಮೈಮೇಲಿದ್ದ ಬಟ್ಟೆಯ ವರ್ಣನೆ. ಆದ್ದರಿಂದ ಯೆವಾಬಾ ಎಂದೇ ತುಂಬಬೇಕು.

ಸುಳಿವಿನ ಪದಗಳ ಪಟ್ಟಿಗಳ ಬಗ್ಗೆ ಒಂದು ಮಾತು. ಆಯೆರ್, ಅಂದರೆ ನಿನ್ನೆ, ಕಂಡರೆ ಪ್ರೆತೆರಿತೊ. ಸಿಯೆಂಪ್ರೆ, ಅಂದರೆ ಯಾವಾಗಲೂ, ಕಂಡರೆ ಇಂಪೆರ್ಫೆಕ್ತೊ ಎಂದು ಎರಡು ಕಾಲಂಗಳಲ್ಲಿ ಬರೆದ ಪಟ್ಟಿಗಳನ್ನು ನೀವು ನೋಡಿರುತ್ತೀರಿ. ಅವನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ. ‘ನಿನ್ನೆ ನಾನು ಹೊರಟಾಗ ಮಳೆ ಸುರಿಯುತ್ತಿತ್ತು’ ಎಂಬಲ್ಲಿ ಆಯೆರ್ ಇದ್ದೂ ಯೊವೀಯಾ ಬರುತ್ತದೆ. ‘ಅವನು ಯಾವಾಗಲೂ ಒಳ್ಳೆಯ ಗೆಳೆಯನಾಗಿದ್ದ’ ಎಂದು ಒಂದು ಇಡೀ ಸ್ನೇಹವನ್ನು ಹಿಂದಿರುಗಿ ನೋಡಿ ಹೇಳುವಾಗ ಸಿಯೆಂಪ್ರೆ ಫುಯೆ ಎನ್ನುವುದೇ ಸಹಜ. ಕ್ವಾಂದೊ, ಅಂದರೆ ‘ಹೊರಟಾಗ’ ಎಂಬಲ್ಲಿನ ‘ಆಗ’, ಅದಂತೂ ಯಾವುದಕ್ಕೂ ಸುಳಿವಲ್ಲ, ಅದರ ಮುಂದೆ ಎರಡೂ ಬರುತ್ತವೆ. ಪಟ್ಟಿಯಲ್ಲಿ ನಂಬಬಹುದಾದವು ಕೆಲವೇ: ದೆ ರೆಪೆಂತೆ, ಅಂದರೆ ಇದ್ದಕ್ಕಿದ್ದಂತೆ, ಮತ್ತು ‘ಮೂರು ಸಲ’ ಎಂಬಂಥ ಎಣಿಕೆ ಬಹುಮಟ್ಟಿಗೆ ಪ್ರೆತೆರಿತೊ ಕಡೆಗೆ ಕೈ ತೋರಿಸುತ್ತವೆ, ಗಂಟೆ ಮತ್ತು ವಯಸ್ಸು ಕತೆಯ ಹಿನ್ನೆಲೆಯಾಗಿ ಬಂದಾಗ ಇಂಪೆರ್ಫೆಕ್ತೊ. ವಿವರಣೆಯಿಲ್ಲದೆ ಬರೀ ಉತ್ತರ ಕೊಡುವ ಅಭ್ಯಾಸ ಪುಸ್ತಕಗಳನ್ನೂ ನಾನು ಕೊಳ್ಳುವುದಿಲ್ಲ. ಕೆಲವು ಖಾಲಿ ಜಾಗಗಳಲ್ಲಿ ಎರಡೂ ಸರಿಯೇ, ಅರ್ಥ ಮಾತ್ರ ಬೇರೆಯಾಗುತ್ತದೆ. ಅಂಥ ಪುಸ್ತಕ ನಿಮ್ಮ ಸರಿಯಾದ ಉತ್ತರಕ್ಕೂ ತಪ್ಪಿನ ಗುರುತು ಹಾಕುತ್ತದೆ.

ರೂಪಗಳನ್ನು ಬರೆಯುವುದು ಸುಲಭದ ಕೆಲಸ. ಇಂಪೆರ್ಫೆಕ್ತೊದಲ್ಲಿ ನಿಯಮ ಮೀರುವುದು ಸೆರ್, ಇರ್, ವೆರ್ ಎಂಬ ಮೂರೇ ಕ್ರಿಯಾಪದಗಳು.

ಕೊನೆಗೆ ಸ್ವರಭಾರದ ಗೆರೆಗಳನ್ನು ಒಂದೊಂದಾಗಿ ನೋಡಿ. ಕೊನೆಯ ಸ್ವರದ ಮೇಲಿನ ಗೆರೆ ಬಿಟ್ಟರೆ ‘ಅವಳು ನೋಡಿದಳು’ ಎಂಬ ಮಿರೋ ‘ನಾನು ನೋಡುತ್ತೇನೆ’ ಎಂಬ ಮೀರೊ ಆಗುತ್ತದೆ, ಕಾಲವೂ ಕರ್ತೃವೂ ಎರಡೂ ಕೆಡುತ್ತವೆ. ಸೂಪೊ, ತೂವೊ, ವಿಯೋ, ಫುಯೆ ಇವುಗಳ ಮೇಲೆ ಗೆರೆ ಹಾಕಿದ್ದರೆ ಅಳಿಸಿಬಿಡಿ.