ಆಲಯ ಅಂದ್ರೆ ಗೋಡೌನ್ ಅಲ್ಲ

ಚಳ್ಳಕೆರೆಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಹಾಗಾಗಿ ಬೌದ್ಧ ದಾರ್ಶನಿಕ ವಸುಬಂಧುವಿನ 'ತ್ರಿಂಶಿಕಾ' ಓದುವಾಗ ಆಲಯವಿಜ್ಞಾನ, ಅಂದ್ರೆ ಎಲ್ಲ ಅರಿವಿನ ತಳದಲ್ಲಿರೋ ಅರಿವು, ಅದರೊಳಗೆ ಹಿಂದಿನ ನಡೆನುಡಿ ಬಿಟ್ಟುಹೋದ ಬೀಜ ಅಂತ ಬಂದ ಕೂಡಲೇ ಕಣ್ಣಿಗೆ ಕಟ್ಟಿದ್ದು ಅಂಗಡಿ ಹಿಂದಿನ ಗೋಡೌನು, ಅಲ್ಲಿ ಪೇರಿಸಿಟ್ಟ ಶೇಂಗಾ ಚೀಲಗಳು. ಧ್ಯಾನಕ್ಕೆ ಕೂತು ಒಂದೊಂದೇ ಚೀಲ ಹೊರಗೆ ಹಾಕಿದರೆ ಆಯ್ತಲ್ಲ ಅಂದುಕೊಂಡೆ. ಆರು ತಿಂಗಳು ಅದನ್ನೇ ಮಾಡಿದೆ. ಹಳೇ ನೆನಪು ಬಂದಾಗಲೆಲ್ಲ ಆಲಯವೇ ಕಾಣ್ತಿದೆ ಅಂತ ಖುಷಿ ಬೇರೆ.

ಅದು ಶುದ್ಧ ತಪ್ಪು. ಆಲಯ ಏನನ್ನು ಹಿಡಿದಿದೆ ಅನ್ನೋದು ನಮ್ಮ ಅರಿವಿಗೆ ಬರೋದಿಲ್ಲ ಅಂತ ಮೂರನೇ ಶ್ಲೋಕದಲ್ಲೇ ಇದೆ. ಇಲ್ಲಿ ವಿಜ್ಞಾನ ಅಂದ್ರೆ ಅರಿವು, ಅದರಲ್ಲಿ ಎಂಟು ಬಗೆ. ನಾನು ನೋಡ್ತಿದ್ದದ್ದು ಆರನೆಯದು, ಯೋಚಿಸೋ, ನೆನೆಯೋ ಮನೋವಿಜ್ಞಾನ. ಎಂಟನೆಯದಾದ ಆಲಯವನ್ನು ಅದರ ಫಲದಿಂದ ಊಹಿಸಬೇಕು, ಅಷ್ಟೇ. ಇನ್ನೊಂದು ತಪ್ಪೂ ಆಗಿತ್ತು. ನನ್ನ ಚೀಲದ ಶೇಂಗಾ ಇಟ್ಟಲ್ಲೇ ಇರುತ್ತೆ, ಆದರೆ ಈ ಬೀಜ ಕ್ಷಣಕ್ಷಣಕ್ಕೂ ಅಳಿದು, ತನ್ನಂಥದ್ದೇ ಇನ್ನೊಂದಕ್ಕೆ ಜಾಗ ಕೊಡುತ್ತೆ. ಅದಕ್ಕೇ ವಸುಬಂಧು ಆಲಯವನ್ನು ಹರಿಯೋ ಹೊಳೆ ಅಂದಿದ್ದು (ಮಳೆ ಬಂದರಷ್ಟೇ ಹರಿಯೋ ನಮ್ಮ ವೇದಾವತಿಯಂಥದ್ದಲ್ಲ).

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಒಂದಿನ ತಮ್ಮ ಫೋನ್ ಮಾಡಿದ. "ಅಣ್ಣ, ಬದು ವಿಷಯ ಸ್ವಲ್ಪ ಮಾತಾಡಬೇಕಿತ್ತು." ಇಷ್ಟೇ. ಪಾಲಾದಾಗಿನಿಂದ ಆ ಬದುವಿನ ಜಗಳ ಇದ್ದೇ ಇದೆ. ಗಿರಾಕಿ ಇದ್ದಾರೆ ಅಂತ ಇಟ್ಟುಬಿಟ್ಟು ಬರೆದೆ. ಕಿವಿಗೆ ಬಿದ್ದಿದ್ದು: ಈ ಐದು ಮಾತು. ಮನಸ್ಸು ಸೇರಿಸಿದ್ದು: 'ಮತ್ತೆ ಜಗಳಕ್ಕೆ ಬಂದ'. ಅದರ ಮೇಲೆ: 'ನನ್ನ ಬದು, ನನಗೇ ಹೇಳ್ತಾನಾ?' ಈ 'ನನ್ನ' ಅನ್ನೋ ಬಣ್ಣ ಬರೋದು ಏಳನೆಯದರಿಂದ, ಕ್ಲಿಷ್ಟ ಮನಸ್ಸಿನಿಂದ, ಅಂದ್ರೆ ಕ್ಲೇಶ ಮೆತ್ತಿದ ಮನಸ್ಸಿನಿಂದ. ಅದು ಆಲಯವನ್ನೇ 'ನಾನು' ಅಂತ ತಬ್ಬಿಕೊಂಡಿರುತ್ತೆ.

ಬೀಜದಿಂದ ಸಿಟ್ಟು ಬಂತು. ಆ ಸಿಟ್ಟು ಅದೇ ಕ್ಷಣ ಆಲಯಕ್ಕೆ ತನ್ನ ವಾಸನೆ ಹಿಡಿಸುತ್ತೆ, ಎಳ್ಳಿನ ಜೊತೆ ಹೂವಿಟ್ಟರೆ ಎಳ್ಳಿಗೆ ಘಮ ಹತ್ತುತ್ತಲ್ಲ, ಹಾಗೆ. ನಾನು ಕೂಗಾಡಿದಷ್ಟೂ ಘಮ ಜಾಸ್ತಿ. ಆದರೆ ಬೀಜ ಒಂದೇ ಸಾಲದು, ಮೊಳೆಯೋಕೆ ಹದ ಬೇಕು. ನನ್ನ ಕೈಗೆ ಸಿಕ್ಕ ಹದ ಅಂದ್ರೆ ಆ ಎರಡನೇ ಸಾಲು. ಅದನ್ನು ಬೆಳೆಸದೆ ಸಂಜೆ ನಾನೇ ಫೋನ್ ಮಾಡಿ "ಏನಾಯ್ತು ಹೇಳೋ" ಅಂದೆ. ಮಳೆಗೆ ಬದು ಒಡೆದು ನನ್ನ ಹೊಲದ ಮಣ್ಣು ಕೊಚ್ಚಿಹೋಗಿತ್ತು. ಅದನ್ನು ಹೇಳೋಕೇ ಮಾಡಿದ್ದನಂತೆ.

"ಎಲ್ಲಾ ವಿಜ್ಞಾನವೇ, ಅರಿವಿನಾಚೆ ವಸ್ತುವೇ ಇಲ್ಲ ಅಂತ ನಿಮ್ಮ ವಸುಬಂಧು ಅಂದ್ರೆ ನಿಮ್ಮ ತಮ್ಮನೂ ಸುಮ್ನೆ ಕಲ್ಪನೆನಾ?" ಅಂತ ಹೆಂಡತಿ ಕೇಳಿದಳು. ಅಲ್ಲ. ವಸುಬಂಧುವಿನದೇ ಇನ್ನೊಂದು ಗ್ರಂಥ 'ವಿಂಶತಿಕಾ' ಪ್ರಕಾರ ಅವನದೂ ಒಂದು ಚಿತ್ತದ ಹರಿವು, ಎರಡೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಇಲ್ಲ ಅನ್ನೋದು, ನಾನು ಫೋನಿನಲ್ಲಿ ಕಂಡ 'ಜಗಳಗಂಟ' ನನ್ನ ಅರಿವಿನಿಂದಾಚೆ ಹಾಗೇ ಕೂತಿದ್ದಾನೆ ಅನ್ನೋದನ್ನ.

ಏಳನೆಯದು ನೋಟ್‌ಬುಕ್‌ಗೆ ಬಗ್ಗೋದಲ್ಲ, ಅದು ಪೂರ್ತಿ ನಿಲ್ಲೋದು ಕ್ಲೇಶವೆಲ್ಲ ಕಳೆದುಕೊಂಡ ಅರ್ಹಂತನಿಗೆ. ತಮ್ಮನ ಹೆಸರು ಫೋನಿನಲ್ಲಿ ಕಂಡರೆ ಈಗಲೂ ನನ್ನ ದವಡೆ ಬಿಗಿಯುತ್ತೆ.