ಫಿಲ್ಟರ್ ಕಾಫಿ: ಕುದಿಯಬೇಕಾದದ್ದು ಹಾಲು, ಡಿಕಾಕ್ಷನ್ ಅಲ್ಲ

ಒಳ್ಳೆಯ ಪುಡಿ ತಂದರೂ ಮನೆಯ ಕಾಫಿ ಕಹಿಯಾಗುತ್ತಿದ್ದರೆ, ಹೆಚ್ಚಾಗಿ ಡಿಕಾಕ್ಷನ್ ಮತ್ತೆ ಕುದ್ದಿರುತ್ತದೆ. ಕುದಿದರೆ ಅದರ ಘಮ ಆವಿಯಾಗಿ ಹೋಗುತ್ತದೆ, ಕಹಿ ಮಾತ್ರ ಉಳಿಯುತ್ತದೆ.

ಎರಡು ಲೋಟ ಕಾಫಿಗೆ ಸುಮಾರು 20 ಗ್ರಾಂ ಪುಡಿ ಸಾಕು. ಅಂದರೆ ಮೂರು ದೊಡ್ಡ ಚಮಚ. ಚಿಕೋರಿ ಬೆರೆತ ಪುಡಿ ಡಿಕಾಕ್ಷನ್ನಿಗೆ ಮಂದತನ, ಬಣ್ಣ ಕೊಡುತ್ತದೆ. 80ಕ್ಕೆ 20ರ ಮಿಶ್ರಣ ನನಗೆ ಹಿಡಿಸುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಕಾಫಿಯ ರುಚಿ ಹಿಂದೆ ಸರಿಯುತ್ತದೆ.

ಫಿಲ್ಟರಿನ ಮೇಲಿನ ಪಾತ್ರೆ ಪೂರ್ತಿ ಒಣಗಿರಲಿ. ಒದ್ದೆಯಿದ್ದರೆ ಪುಡಿ ಅಂಟಿ ತೂತು ಕಟ್ಟುತ್ತದೆ. ಪುಡಿ ಹಾಕಿ ಸಮ ಮಾಡಿ, ಹಿಡಿಕೆಯ ತಟ್ಟೆಯಿಂದ ಹಗುರವಾಗಿ ಒತ್ತಿ. ತಟ್ಟೆ ಅಲ್ಲೇ ಇರಲಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿಯಿರಿ. ಅದು ಉಬ್ಬಿದ ಮೇಲೆ ಉಳಿದದ್ದನ್ನು ಸುತ್ತ ನಿಧಾನಕ್ಕೆ ಹಾಕಿ ಮುಚ್ಚಿ. ಒಟ್ಟು 120 ಮಿ.ಲೀ. ನೀರು. ಪುಡಿಯೇ ಒಂದಿಷ್ಟು ಕುಡಿದು, ಕೆಳಗೆ ಸುಮಾರು 80 ಮಿ.ಲೀ. ಇಳಿಯುತ್ತದೆ.

ಇಳಿಯಲು 15–20 ನಿಮಿಷ ಬೇಕು. ಐದೇ ನಿಮಿಷಕ್ಕೆ ಇಳಿದು ತೆಳ್ಳಗಿದ್ದರೆ ಪುಡಿ ದಪ್ಪವಾಗಿದೆ ಅಥವಾ ಸಾಕಷ್ಟು ಒತ್ತಿಲ್ಲ. ಅರ್ಧ ಗಂಟೆಯಾದರೂ ಹನಿ ಬೀಳದಿದ್ದರೆ ಫಿಲ್ಟರನ್ನು ಬಡಿಯಬೇಡಿ. ಎರಡೂ ಪಾತ್ರೆ ಬಿಗಿಯಾಗಿ ಕೂತು ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಮೇಲಿನದನ್ನು ಬಟ್ಟೆಯಲ್ಲಿ ಹಿಡಿದು ಚೂರು ಎತ್ತಿ ಮತ್ತೆ ಕೂರಿಸಿದರೆ ಇಳಿಯತೊಡಗುತ್ತದೆ. ಆಗಲೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ತೂತು ಕಟ್ಟಿದೆ. ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಹಾಲಿಗೆ ನೀರು ಬೆರೆಸಬೇಡಿ. ಬೇಕಾದ ನೀರು ಡಿಕಾಕ್ಷನ್ನಿನಲ್ಲೇ ಇದೆ, ಅಲ್ವಾ? ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%, ಶುಭಂನಲ್ಲಿ 4.5%. ಕಾಫಿ ಗಟ್ಟಿಯಾಗಿರಬೇಕೆಂದರೆ ಎರಡನೆಯದೇ ಸರಿ. 200 ಮಿ.ಲೀ. ಹಾಲನ್ನು ಡಿಕಾಕ್ಷನ್ ಇಳಿದ ಮೇಲೆ ಒಲೆಗಿಡಿ. ಉಕ್ಕಿ ಬಂದ ಕೂಡಲೇ ಇಳಿಸಿ. ಸುಮ್ನೆ ಕುದಿಸುತ್ತಾ ಕೂತರೆ ಕೆನೆ ಕಟ್ಟುತ್ತದೆ, ಕಾದ ಹಾಲಿನ ವಾಸನೆ ಕಾಫಿಯನ್ನು ಮುಚ್ಚಿಬಿಡುತ್ತದೆ.

ಲೋಟಕ್ಕೆ ಮೊದಲು ಸಕ್ಕರೆ, ಅದರ ಮೇಲೆ 40 ಮಿ.ಲೀ. ಡಿಕಾಕ್ಷನ್, ಕೊನೆಗೆ ಹಾಲು. ಡಿಕಾಕ್ಷನ್ ಅಷ್ಟರಲ್ಲಿ ಉಗುರು ಬೆಚ್ಚಗಾಗಿರುತ್ತದೆ. ಹಾಗಾಗಿ ಹಾಲು ಒಲೆಯಿಂದ ನೇರ ಬರಬೇಕು. ಎರಡು ಲೋಟಗಳ ನಡುವೆ ಒಂದೆರಡು ಸಲ ಎತ್ತಿ ಸುರಿದರೆ ಸಕ್ಕರೆ ಕರಗಿ ನೊರೆ ಬರುತ್ತದೆ. ಜಾಸ್ತಿ ಸಲ ಸುರಿದರೆ ಆರಿಹೋಗುತ್ತದೆ.

ಡಿಕಾಕ್ಷನ್ ಹಾಕಿದ ತಕ್ಷಣ ಹಾಲು ಒಡೆದರೆ ಹಾಲು ಹಳತು. ಡಿಕಾಕ್ಷನ್ನಿಗೆ ಸ್ವಲ್ಪ ಹುಳಿ ಗುಣವಿದೆ, ಕೆಡಲು ಶುರುವಾದ ಹಾಲು ಅದನ್ನು ತಡೆಯುವುದಿಲ್ಲ. ಉಳಿದ ಡಿಕಾಕ್ಷನ್ನನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಬಳಸಿ. ಬಿಸಿ ಮಾಡಬೇಕಾದರೆ ಬಟ್ಟಲನ್ನು ಬಿಸಿ ನೀರಿನಲ್ಲಿ ಇಡಿ, ಒಲೆಯ ಮೇಲಲ್ಲ.