ನೆಲಬೇವಿನ ಕಷಾಯ ಕೊಡುವ ಮುಂಚೆ ನಾನು ಕೇಳುವ ಪ್ರಶ್ನೆಗಳು

ಮಳೆ ಶುರುವಾದರೆ ಸಾಕು, ನಮ್ಮ ಹನುಮಂತನಗರದ ಬೀದಿಯಲ್ಲಿ ಮನೆಗೊಬ್ಬರು ಜ್ವರ ಅಂತ ಮಲಗುತ್ತಾರೆ. ಆಗ ಪಕ್ಕದ ಮನೆಯವರು ಬಂದು "ಆಂಟಿ, ನಿಮ್ಮ ತಾರಸಿಯಲ್ಲಿ ನೆಲಬೇವು ಇದೆಯಲ್ಲ, ನಾಲ್ಕು ಕಡ್ಡಿ ಕೊಡಿ" ಅನ್ನುತ್ತಾರೆ. ಕೊಡುತ್ತೇನೆ, ಆದರೆ ಯಾರಿಗೆ, ಎಷ್ಟನೇ ದಿನದ ಜ್ವರ, ದಿನಾ ಯಾವ ಮಾತ್ರೆ ತೊಗೋತಾರೆ ಅಂತ ಕೇಳದೆ ಕೊಡುವುದಿಲ್ಲ.

ಗ್ರಂಥಿಗೆ ಅಂಗಡಿಯಲ್ಲಿ ಇದನ್ನೇ ಕಾಲಮೇಘ ಅನ್ನುತ್ತಾರೆ. ಅಲ್ಲೇ ಒಂದು ಗೊಂದಲ ಇದೆ. ಚಿರಾಯತ ಅಂತ ಕೇಳಿದರೆ ಕೆಲವರು ಇದನ್ನು ಕೊಡುತ್ತಾರೆ, ಕೆಲವರು ಹಿಮಾಲಯದ ಕಡೆಯಿಂದ ಬರುವ ಬೇರೆಯೇ ಕಹಿ ಕಡ್ಡಿ ಕೊಡುತ್ತಾರೆ. ಅದಕ್ಕೇ ನಾನು ಕುಂಡದಲ್ಲೇ ಬೆಳೆಸುತ್ತೇನೆ. ಎಲೆ ಮೆಣಸಿನ ಗಿಡದ ಎಲೆಯ ಹಾಗೆ ಇರುತ್ತದೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿದರೆ ನಾಲ್ಕು ಮೂಲೆ ಕೈಗೆ ತಾಗುತ್ತದೆ. ಹೂವು ಚಿಕ್ಕದು, ಬಿಳಿ, ತುಟಿಯ ಮೇಲೆ ನೇರಳೆ ಚುಕ್ಕೆ. ಎಲೆಯ ಚೂರು ನಾಲಿಗೆಗೆ ಇಟ್ಟರೆ ಆ ಕಹಿ ಎಷ್ಟೋ ಹೊತ್ತು ಹೋಗುವುದಿಲ್ಲ. ಹೂ ಬಿಡಲು ಶುರುವಾದಾಗ ಕೊಯ್ದು ನೆರಳಲ್ಲಿ ಒಣಗಿಸಿ, ಡಬ್ಬಿಯ ಮೇಲೆ ತಿಂಗಳು ಬರೆದಿಡುತ್ತೇನೆ.

ಕಷಾಯಕ್ಕೆ ಕೈಯಳತೆ ನಂಬಬೇಡಿ, ಒಣಗಿದ ಎಲೆ ಹಗುರ, ಪುಡಿ ಭಾರ. ಒಂದು ಸಲಕ್ಕೆ 3 ಗ್ರಾಂ ತೂಗಿ, ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಸಿ ಸೋಸಿದರೆ ಆಯಿತು. ದಿನಕ್ಕೆ ಎರಡು ಸಲ, ಏನಾದರೂ ತಿಂದ ಮೇಲೆ. ಬರೀ ಹೊಟ್ಟೆಯಲ್ಲಿ ಕುಡಿದರೆ ವಾಂತಿ ಬರುತ್ತದೆ, ಜ್ವರದಲ್ಲಿ ಮೊದಲೇ ಒಣಗಿದ ಮೈಯಿಂದ ಇರುವ ನೀರೂ ಹೋಗುತ್ತದೆ. ಜಾಸ್ತಿ ಹಾಕಿದರೆ ಬೇಗ ವಾಸಿಯಾಗುತ್ತದೆ ಅನ್ನುವುದು ಸುಳ್ಳು, ಹೊಟ್ಟೆ ಕೆಡುತ್ತದೆ ಅಷ್ಟೇ.

ನನ್ನ ತಮ್ಮನ ಕಥೆ ಹೇಳಲೇಬೇಕು. ಅವನಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಜ್ವರ ಬಂದು ಬಾಯಿ ಕೆಟ್ಟು ನಾಲ್ಕು ಚಮಚ ಗಂಜಿ ಬಿಟ್ಟರೆ ಏನೂ ಇಳಿಯಲಿಲ್ಲ. ಮಾತ್ರೆ ಮಾತ್ರ ಎಂದಿನಂತೆ ನುಂಗಿದ, ನಾನು ಎರಡು ಸಲ ಕಷಾಯ ಕೊಟ್ಟೆ. ಸಂಜೆ ಹಣೆಯೆಲ್ಲ ಬೆವರಿತು. ಜ್ವರ ಬಿಡುತ್ತಿದೆ ಅಂತ ಖುಷಿಪಟ್ಟೆವು. ಆಮೇಲೆ ನೋಡಿದರೆ ಲೋಟ ಹಿಡಿದ ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ, ಮೈ ತಣ್ಣಗಿದೆ. ಬೆರಳು ಚುಚ್ಚಿ ನೋಡಿದರೆ ಶುಗರ್ 54! ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆವು, ಕಾಲು ಗಂಟೆ ಬಿಟ್ಟು ನೋಡಿದಾಗ 82 ಬಂತು. ಅದೇ ಹೊತ್ತಿಗೆ ಡಾಕ್ಟರಿಗೆ ಫೋನ್ ಮಾಡಿದ್ದೆವು. ಊಟ ಇಲ್ಲದೆ ಮಾತ್ರೆ ನುಂಗಿದ್ದು ಮುಖ್ಯ ಕಾರಣ, ಆದರೆ ನೆಲಬೇವೂ ಸಕ್ಕರೆ ಇಳಿಸಬಲ್ಲದು, ಎರಡೂ ಕೂಡಿದವು ಅಂದರು. ಆವತ್ತಿನಿಂದ ಸಕ್ಕರೆ ಮಾತ್ರೆ, ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತೊಗೋಳೋರಿಗೆ ಅವರ ಡಾಕ್ಟರು ಹೂಂ ಅನ್ನದೆ ನಾನು ಕೊಡುವುದಿಲ್ಲ. ಬಸುರಿಯರಿಗೆ, ಹಾಲೂಡಿಸುವವರಿಗೆ, ಮಕ್ಕಳಿಗೆ ಕೊಡುವುದೇ ಇಲ್ಲ. ಬಂಗಾಳದಲ್ಲಿ ಕೂಸುಗಳಿಗೂ ಕೊಡುವ ರೂಢಿ ಇದೆಯಂತೆ, ಇರಲಿ, ನನಗೆ ಧೈರ್ಯ ಇಲ್ಲ. ಕುಡಿದ ಮೇಲೆ ಮೈ ತುರಿಸಿ ದದ್ದು ಎದ್ದರೆ ಮತ್ತೆ ಮುಟ್ಟಬೇಡಿ. ತುಟಿ ಊದಿದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ.

ಗಂಟಲು ಕೆರೆತ, ನೆಗಡಿ, ಮೈಕೈ ನೋವಿನ ಜ್ವರಕ್ಕೆ ಇದು ಹಿತ. ಉರಿಮೂತ್ರಕ್ಕೆ, ಕೀವಾದ ಗಾಯಕ್ಕೆ ಇದನ್ನೇ ನಂಬಿ ಕೂತರೆ ಸೋಂಕು ಒಳಗೆ ಬೆಳೆಯುತ್ತದೆ, ಅದಕ್ಕೆ ಡಾಕ್ಟರೇ ಬೇಕು.

ಎಷ್ಟು ದಿನ ಕುಡಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕ ಎರಡೇ ದಿನ. ತಮಿಳುನಾಡಿನಲ್ಲಿ ಡೆಂಗಿ ಬಂದಾಗ ನಿಲವೇಂಬು ಕುಡಿನೀರು ಅಂತ ಸರ್ಕಾರವೇ ಹಂಚುತ್ತದೆ. ಅದು ನೆಲಬೇವಿನ ಜೊತೆ ಶುಂಠಿ, ಮೆಣಸು, ಲಾವಂಚ ಎಲ್ಲ ಸೇರಿದ ಕಷಾಯ. ಅದನ್ನು ಕೇಳಿ ಇಲ್ಲೂ ಜನ ರಕ್ತ ಪರೀಕ್ಷೆ ಬಿಟ್ಟು ಕಷಾಯ ಕುಡಿಯುತ್ತಾರೆ. ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಏರಿದಾಗ ಅಲ್ಲ, ನಾಲ್ಕು ಐದನೇ ದಿನ ಜ್ವರ ಇಳಿಯುವಾಗ. ಕಷಾಯ ಕೆಲಸ ಮಾಡಿತು ಅಂತ ಮನೆಯವರು ನೆಮ್ಮದಿಯಾಗುವುದೂ ಸರಿಯಾಗಿ ಅದೇ ದಿನ, ಅಲ್ವಾ? ಆ ದಿನ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ತುಂಬಾ ಸುಸ್ತು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಕಳೆಯಲಿ ಅಂತ ಕಾಯಬೇಡಿ. ನಾನು ಕಡ್ಡಿ ಕೊಡುವಾಗಲೇ ಜ್ವರ ಶುರುವಾದ ದಿನಾಂಕವನ್ನು ಪೊಟ್ಟಣದ ಮೇಲೆ ಬರೆದು, ಮೂರನೇ ದಿನ ಬೆಳಗ್ಗೆ ಜ್ವರ ಇರಲಿ ಬಿಡಲಿ ರಕ್ತ ಪರೀಕ್ಷೆ ಮಾಡಿಸಿ ಅಂತ ಹೇಳಿ ಕಳಿಸುತ್ತೇನೆ.